ಸತ್ತವನ ಕೈಯಲ್ಲಿ ಉಳಿಯುವುದೇನು?

ನೆಟ್‌ಹ್ಯಾಕ್ ಎಂಬ ಆಟದಲ್ಲಿ ನೀಲಿ ಬಣ್ಣದ `e` ಅಕ್ಷರವೊಂದು ಆಗಾಗ ಕಾಣಿಸುತ್ತದೆ. ಅದರ ಹೆಸರು ತೇಲುವ ಕಣ್ಣು. ಅದು ನಿಮ್ಮ ಮೇಲೆ ಏರಿಬರುವುದಿಲ್ಲ, ಕಚ್ಚುವುದಿಲ್ಲ, ಜಾಗ ಬಿಟ್ಟು ಕದಲುವುದೂ ಅಪರೂಪ. ಹೊಸ ಆಟಗಾರನಿಗೆ ಇದಕ್ಕಿಂತ ಸುಲಭದ ಬೇಟೆ ಬೇರೆ ಇಲ್ಲ ಅನ್ನಿಸುತ್ತದೆ. ಕತ್ತಿ ಬೀಸುತ್ತಾನೆ. ಕಣ್ಣು ತಿರುಗಿ ನೋಡುತ್ತದೆ, ಅಷ್ಟೇ. ಆ ನೋಟಕ್ಕೆ ಅವನ ಮೈ ಮರಗಟ್ಟಿ, ಹತ್ತಾರು ಸರದಿಗಳ ಕಾಲ ಬೆರಳು ಕೂಡ ಅಲ್ಲಾಡದೆ ನಿಂತುಬಿಡುತ್ತಾನೆ. ಅಷ್ಟರಲ್ಲಿ ಆ ದಾರಿಯಾಗಿ ಬಂದ ಯಾವುದೋ ನರಿಯೋ ಇಲಿಯೋ ನಿಧಾನವಾಗಿ ಅವನನ್ನು ಕಡಿದು ಮುಗಿಸುತ್ತದೆ.

ಆ ಪಾತ್ರದ ಕಥೆ ಅಲ್ಲಿಗೆ ಮುಗಿಯಿತು. ಕೂಡಿಟ್ಟ ಚಿನ್ನ, ತೊಟ್ಟ ಕವಚ, ಏರಿದ ಹಂತ, ಎಲ್ಲವೂ ಹೋಯಿತು. ಮತ್ತೆ ಆಡಬೇಕೆಂದರೆ ಮೊದಲ ಮಹಡಿಯಿಂದ, ಹೊಸ ಹೆಸರಿನಿಂದ, ಹಿಂದೆಂದೂ ಕಾಣದ ನಕ್ಷೆಯಲ್ಲಿ ಶುರು ಮಾಡಬೇಕು. ಆದರೆ ಎರಡನೆಯ ಸಲ ಆ ನೀಲಿ `e` ಕಂಡಾಗ ಅದೇ ಆಟಗಾರ ಕತ್ತಿ ಬೀಸುವುದಿಲ್ಲ. ದೂರ ನಿಂತು ಬಾಕು ಎಸೆಯುತ್ತಾನೆ. ಇನ್ನೂ ಪಳಗಿದವನಾದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಿರ ಹೋಗಿ ಕೊಲ್ಲುತ್ತಾನೆ. ನೋಟವೇ ತಾಗದಿದ್ದರೆ ಮೈ ಮರಗಟ್ಟುವುದು ಎಲ್ಲಿಂದ? ಆಮೇಲೆ ಅದರ ಹೆಣವನ್ನು ತಿನ್ನುತ್ತಾನೆ. ಅದರಿಂದ ಕಣ್ಣು ಮುಚ್ಚಿದ್ದಾಗಲೂ ಸುತ್ತಲಿನ ಜೀವಿಗಳ ಸುಳಿವು ಹಿಡಿಯುವ ಶಕ್ತಿ ಸಿಗುತ್ತದೆ. ಮೊದಲ ಬಾರಿ ಅವನನ್ನು ಕೊಂದ ಪ್ರಾಣಿಯೇ ಈಗ ಅವನಿಗೆ ಔಷಧಿ.

ಎರಡು ಆಟಗಳ ನಡುವೆ ಏನೋ ಒಂದು ದಾಟಿ ಬಂದಿದೆ, ನಿಜ. ಆದರೆ ಅದು ಕಂಪ್ಯೂಟರಿನ ಡಿಸ್ಕಿನಲ್ಲಿ ಎಲ್ಲೂ ಇಲ್ಲ, ಆಟಗಾರನ ತಲೆಯಲ್ಲಿದೆ. ರೋಗ್‌ಲೈಕ್ ಮತ್ತು ರೋಗ್‌ಲೈಟ್ ಎಂಬ ಎರಡು ಪ್ರಭೇದಗಳನ್ನು ಬೇರ್ಪಡಿಸುವ ಗೆರೆಯನ್ನು ನಾನು ಇಲ್ಲಿಂದಲೇ ಎಳೆಯಲು ಇಷ್ಟಪಡುತ್ತೇನೆ. ಎರಡರಲ್ಲೂ ಪಾತ್ರ ಸಾಯುತ್ತದೆ, ಎರಡರಲ್ಲೂ ನಕ್ಷೆ ಪ್ರತಿ ಸಲ ಬದಲಾಗುತ್ತದೆ. ಸತ್ತ ಮೇಲೆ ಯಾರ ನೆನಪು ಉಳಿಯುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ: ಆಡುವವನದೋ, ಯಂತ್ರದ್ದೋ?

ಈ ವಂಶದ ಮೂಲಪುರುಷ ರೋಗ್ ಎಂಬ ಆಟ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನು ಬರೆದರು. ಟಾಯ್ ಬರ್ಕ್ಲಿಗೆ ಹೋದ ಮೇಲೆ ಕೆನ್ ಆರ್ನಲ್ಡ್ ಜೊತೆಯಾದರು. ಪರದೆಯ ಮೇಲೆ ಬೇಕಾದ ಜಾಗದಲ್ಲಿ ಬೇಕಾದ ಅಕ್ಷರ ಮೂಡಿಸುವ ಕರ್ಸಸ್ ಎಂಬ ತಂತ್ರಾಂಶ ಭಂಡಾರ ಆರ್ನಲ್ಡ್ ಅವರದೇ. ಆಟಗಾರ `@` ಆದ, ರಾಕ್ಷಸರು `A`ಯಿಂದ `Z`ವರೆಗಿನ ದೊಡ್ಡಕ್ಷರಗಳಾದರು. ನೆಲದಡಿಯ ಕತ್ತಲಕೋಣೆಗಳಲ್ಲಿ ಇಳಿಯುತ್ತ ಹೋಗಿ, 26ನೇ ಮಹಡಿಯ ಹೊತ್ತಿಗೆ ಸಿಗುವ ಯೆಂಡೋರಿನ ತಾಯಿತವನ್ನು ಎತ್ತಿಕೊಂಡು ಮತ್ತೆ ಮೇಲೆ ಬರಬೇಕು. ಕೋಣೆಗಳನ್ನು ಪ್ರತಿ ಸಲವೂ ಯಂತ್ರವೇ ಹೊಸದಾಗಿ ಜೋಡಿಸುತ್ತಿದ್ದುದರಿಂದ ಆಟ ಬರೆದವರಿಗೂ ಮುಂದೇನು ಬರುತ್ತದೆಂದು ತಿಳಿಯುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದೂ ಅದೇ.

ಆಟ ದೀರ್ಘ, ಒಂದೇ ಕೂತಲ್ಲಿ ಮುಗಿಯುವುದಲ್ಲ. ಆದ್ದರಿಂದ ಅರ್ಧಕ್ಕೆ ನಿಲ್ಲಿಸಿ ಉಳಿಸಿಟ್ಟುಕೊಳ್ಳುವ ವ್ಯವಸ್ಥೆ ಬೇಕಾಯಿತು. ಆಟಗಾರರು ಸುಮ್ಮನಿರುತ್ತಾರೆಯೇ? ಉಳಿಸಿದ ಫೈಲನ್ನು ಮತ್ತೆ ಮತ್ತೆ ತೆರೆದು, ಸತ್ತ ಕೂಡಲೇ ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿಯತೊಡಗಿದರು. ವಿಷವಿರಬಹುದಾದ ಪಾನೀಯವನ್ನು ಕುಡಿದು ನೋಡುವುದು, ಕೆಟ್ಟರೆ ಫೈಲು ತೆರೆದು ಕುಡಿಯದೇ ಇದ್ದಂತೆ ಮುಂದುವರಿಯುವುದು. ಹಾಗಾದರೆ ಪಾನೀಯದಲ್ಲಿ ಏನಿದೆ ಎಂಬ ಪ್ರಶ್ನೆಗೆ ಬೆಲೆಯೇ ಇಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಸರಳ: ಫೈಲು ತೆರೆದ ಕೂಡಲೇ ಅದನ್ನು ಅಳಿಸಿಬಿಡುವುದು. ಉಳಿಸುವುದೆಂದರೆ ವಿರಾಮ ಮಾತ್ರ, ವಿಮೆಯಲ್ಲ. ಶಾಶ್ವತ ಮರಣ ಎಂದು ಇವತ್ತು ನಾವು ಕರೆಯುವ ನಿಯಮ ತಾಂತ್ರಿಕವಾಗಿ ಇಷ್ಟೇ. ಅದನ್ನು ಕ್ರೌರ್ಯ ಎಂದು ಬೈಯುವವರು ಈ ಪಾನೀಯದ ಲೆಕ್ಕವನ್ನು ಮರೆಯುತ್ತಾರೆ. ಕುಡಿದದ್ದು ಕುಡಿದದ್ದೇ ಎಂದಾದಾಗ ಮಾತ್ರ ಕುಡಿಯಬೇಕೋ ಬೇಡವೋ ಎಂದು ಯೋಚಿಸುವುದು ಆಟವಾಗುತ್ತದೆ.

1987ರಲ್ಲಿ ಬಂದ ನೆಟ್‌ಹ್ಯಾಕ್ ಈ ನಿಯಮವನ್ನು ಹಾಗೆಯೇ ಇಟ್ಟುಕೊಂಡು, ಕಲಿಯಬೇಕಾದ್ದನ್ನು ನೂರು ಪಟ್ಟು ಹೆಚ್ಚಿಸಿತು. ಒಂದು ಉದಾಹರಣೆ ನೋಡಿ. ಮಂತ್ರದ ಸುರುಳಿಗಳ ಮೇಲೆ `ZELGO MER` ಎಂಬಂಥ ಅರ್ಥವಿಲ್ಲದ ಹೆಸರುಗಳಿರುತ್ತವೆ. ಯಾವ ಹೆಸರಿನ ಹಿಂದೆ ಯಾವ ಮಂತ್ರ ಎಂಬುದು ಪ್ರತಿ ಆಟದಲ್ಲೂ ಕಲಸಿಹೋಗುತ್ತದೆ. ಹೋದ ಸಲ ಅದು ಒಳ್ಳೆಯದಾಗಿತ್ತು ಎಂಬ ನೆನಪು ಈ ಸಲ ಕೆಲಸಕ್ಕೆ ಬಾರದು. ಆದರೆ ಬೆಲೆಗಳು ಬದಲಾಗುವುದಿಲ್ಲ. ವಸ್ತು ಯಾವುದೆಂದು ಗುರುತು ಹಿಡಿಸುವ ಸುರುಳಿಯ ಮೂಲಬೆಲೆ 20, ಆ ಬೆಲೆಗೆ ಬೇರೆ ಯಾವ ಸುರುಳಿಯೂ ಇಲ್ಲ. ಪಳಗಿದ ಆಟಗಾರ ಅಂಗಡಿಗೆ ಹೋಗಿ, ಓದದೆಯೇ ಬೆಲೆ ವಿಚಾರಿಸುತ್ತಾನೆ. ಅಂಗಡಿಯವನು ಕೆಲವೊಮ್ಮೆ ಮೂರನೇ ಒಂದು ಪಾಲು ಹೆಚ್ಚು ಹೇಳುತ್ತಾನೆ, ಪಾತ್ರದ ವರ್ಚಸ್ಸಿಗೆ ತಕ್ಕಂತೆಯೂ ದರ ಏರಿಳಿಯುತ್ತದೆ. ಅದನ್ನೆಲ್ಲ ಮನಸ್ಸಿನಲ್ಲೇ ಕಳೆದು, ಇದು ಇಪ್ಪತ್ತರದ್ದೇ ಸರಿ ಎಂದು ತೀರ್ಮಾನಿಸುತ್ತಾನೆ. ಆಟದ ವಿವರಗಳು ಅಳಿದರೂ ಆಟದ ವಿಧಾನ ಉಳಿಯುವಂತೆ ಎಷ್ಟು ಜಾಣತನದಿಂದ ಹೆಣೆದಿದ್ದಾರೆ ನೋಡಿ. ಬಾಯಿಪಾಠ ಮಾಡಿದವನಿಗೆ ಇಲ್ಲಿ ಹೆಚ್ಚು ಲಾಭವಿಲ್ಲ, ಲೆಕ್ಕ ಕಟ್ಟಲು ಕಲಿತವನಿಗೆ ಇದೆ.

ನೆಟ್‌ಹ್ಯಾಕ್ ಬಲ್ಲವರು ಇಲ್ಲಿ ಒಂದು ತಕರಾರು ಎತ್ತಬಹುದು. ಸತ್ತವನ ಮಹಡಿಯನ್ನು ಆಟ ಕೆಲವೊಮ್ಮೆ ಒಂದು ಫೈಲಿನಲ್ಲಿ ಕಾಪಿಡುತ್ತದೆ. ಇದಕ್ಕೆ ಮೂಳೆ ಫೈಲು ಎಂದೇ ಹೆಸರು. ಮುಂದೆ ಅದೇ ಯಂತ್ರದಲ್ಲಿ ಆಡುವ ಇನ್ನೊಬ್ಬನಿಗೆ ಆ ಮಹಡಿ ಎದುರಾಗಬಹುದು: ಸತ್ತವನ ದೆವ್ವ, ಅವನ ಸಾಮಾನಿನ ರಾಶಿ, ಅವನನ್ನು ಕೊಂದ ಪ್ರಾಣಿ, ಎಲ್ಲವೂ ಇದ್ದಲ್ಲೇ ಇರುತ್ತವೆ. ಯಂತ್ರಕ್ಕೂ ನೆನಪಿದೆ ಎಂದಾಯಿತಲ್ಲ? ಇದೆ, ಆದರೆ ಇದು ಪ್ರಗತಿಯಲ್ಲ. ಸಿಗುತ್ತದೆಂಬ ಖಾತ್ರಿಯಿಲ್ಲ. ಸಿಕ್ಕರೂ ಆ ಸಾಮಾನಿನಲ್ಲಿ ಹೆಚ್ಚಿನವು ಶಾಪಗ್ರಸ್ತ. ಒಮ್ಮೆ ತೆರೆದರೆ ಆ ಫೈಲೂ ಅಳಿದುಹೋಗುತ್ತದೆ. ಹತ್ತು ಸಲ ಸತ್ತರೆ ಹತ್ತು ಪಟ್ಟು ಬಲ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

2008ರಲ್ಲಿ ಬರ್ಲಿನ್‌ನಲ್ಲಿ ಈ ಬಗೆಯ ಆಟಗಳನ್ನು ಬರೆಯುವವರು ಸಮ್ಮೇಳನ ಸೇರಿ, ರೋಗ್‌ಲೈಕ್ ಎಂದರೆ ಯಾವುದು ಎಂಬುದಕ್ಕೆ ಲಕ್ಷಣಗಳ ಪಟ್ಟಿಯೊಂದನ್ನು ಮಾಡಿದರು. ಯದೃಚ್ಛೆಯಿಂದ ಹುಟ್ಟುವ ನಕ್ಷೆ, ಶಾಶ್ವತ ಮರಣ, ಸರದಿಯ ಪ್ರಕಾರ ನಡೆಯುವ ಆಟ, ಚೌಕಗಳ ಹಾಸು, ಇವೆಲ್ಲ ಅದರಲ್ಲಿವೆ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಬಲ ದಾಟಬಾರದು ಎಂಬ ಮಾತು ಮಾತ್ರ ಆ ಪಟ್ಟಿಯ ಅಂಶಗಳಲ್ಲಿ ಬೇರೆಯಾಗಿ ಇಲ್ಲ. ಮರಣವೇ ಶಾಶ್ವತವಾದ ಮೇಲೆ ದಾಟಲು ಏನಿದೆ ಎಂದು ಅವರಿಗೆ ಅನ್ನಿಸಿರಬೇಕು. ಐದೇ ವರ್ಷಗಳಲ್ಲಿ, 2013ರಲ್ಲಿ, ರೋಗ್ ಲೆಗಸಿ ಎಂಬ ಆಟ ಅಲ್ಲೊಂದು ಸಂದು ಇದೆಯೆಂದು ತೋರಿಸಿತು. ಅದರಲ್ಲಿ ವೀರ ಸತ್ತರೆ ನಿಜವಾಗಿಯೂ ಸತ್ತ. ಆದರೆ ಅವನ ಚಿನ್ನ ವಾರಸುದಾರನಿಗೆ ಬರುತ್ತದೆ, ವಾರಸುದಾರ ಆ ಚಿನ್ನದಲ್ಲಿ ಮನೆತನದ ಕೋಟೆಗೆ ಒಂದೊಂದೇ ಕಟ್ಟಡ ಸೇರಿಸಿ ಶಾಶ್ವತವಾಗಿ ಬಲ ಹೆಚ್ಚಿಸಿಕೊಳ್ಳುತ್ತಾನೆ. ಉಳಿದ ಚಿನ್ನವನ್ನು ಮುಂದಿನ ದಾಳಿಗೆ ಹೊರಡುವಾಗ ಬಾಗಿಲಲ್ಲಿ ನಿಂತ ಕೇರನ್ ಕಿತ್ತುಕೊಳ್ಳುತ್ತಾನೆ, ಆದ್ದರಿಂದ ಕೂಡಿಡುವಂತಿಲ್ಲ. ರೋಗ್‌ಲೈಟ್ ಎಂಬ ಹೆಸರು ಜನರ ಬಾಯಿಗೆ ಬಂದದ್ದರಲ್ಲಿ ಈ ಆಟದ ಪಾಲು ದೊಡ್ಡದು.

ಹಳೆಯ ಬಗೆಯಲ್ಲಿ ಸತ್ತವನು ಬಿಟ್ಟುಹೋಗುವುದು ವಿದ್ಯೆ, ಹೊಸ ಬಗೆಯಲ್ಲಿ ವಿದ್ಯೆಯ ಜೊತೆಗೆ ಆಸ್ತಿ. ಆಸ್ತಿ ಎಷ್ಟು ದೊಡ್ಡದು ಎಂಬುದನ್ನು ಅಂಕಿಗಳಲ್ಲೇ ನೋಡಬೇಕು. ಅದಕ್ಕೆ 2020ರಲ್ಲಿ ಪೂರ್ಣರೂಪದಲ್ಲಿ ಬಂದ, ಸೂಪರ್‌ಜೈಂಟ್ ಗೇಮ್ಸ್‌ನವರ ಹೇಡೀಸ್ ಒಳ್ಳೆಯ ಪ್ರಕರಣ.

ಗ್ರೀಕ್ ಪಾತಾಳದ ದೊರೆ ಹೇಡೀಸ್‌ನ ಮಗ ಜಾಗ್ರಿಯಸ್ ಮನೆ ಬಿಟ್ಟು ಭೂಮಿಗೆ ಓಡಿಹೋಗಲು ಹೊರಟಿದ್ದಾನೆ. ದಾರಿಯಲ್ಲಿ ನಲವತ್ತನ್ನೂ ಮೀರಿದ ಕೋಣೆಗಳು, ನಾಲ್ಕು ಪ್ರದೇಶಗಳು, ಒಂದೊಂದರ ಕೊನೆಗೂ ಒಬ್ಬ ದೊಡ್ಡ ಎದುರಾಳಿ. ಸತ್ತರೆ ರಕ್ತದ ಕೊಳದಿಂದ ಎದ್ದು ಮತ್ತೆ ಅಪ್ಪನ ಮನೆಗೇ ಬರುತ್ತಾನೆ. ದೇವತೆಗಳು ದಾರಿಯಲ್ಲಿ ಕೊಟ್ಟ ವರಗಳು ಹೋಗುತ್ತವೆ, ಓಬಲ್ ಎಂಬ ನಾಣ್ಯಗಳು ಹೋಗುತ್ತವೆ. ಡಾರ್ಕ್‌ನೆಸ್ ಎಂಬ ನೇರಳೆ ಹರಳುಗಳು ಮಾತ್ರ ಉಳಿಯುತ್ತವೆ. ಅವನ ಕೋಣೆಯಲ್ಲಿ ನಿಶಾದೇವತೆ ನಿಕ್ಸ್ ಕೊಟ್ಟ ಕನ್ನಡಿಯೊಂದಿದೆ. ಹರಳುಗಳನ್ನು ಅದಕ್ಕೆ ಸಲ್ಲಿಸಿದರೆ ಶಾಶ್ವತವಾದ ಸಾಮರ್ಥ್ಯಗಳು ಸಿಗುತ್ತವೆ.

ಕನ್ನಡಿಯ ಎರಡು ಸಾಲುಗಳನ್ನಷ್ಟೇ ತೆಗೆದುಕೊಳ್ಳೋಣ. ಜಾಗ್ರಿಯಸ್‌ಗೆ ಮೊದಲಿಗೆ ಇರುವ ಪ್ರಾಣಬಲ 50. ಒಂದು ಸಾಮರ್ಥ್ಯ ಅದನ್ನು ಹಂತಕ್ಕೆ 5ರಂತೆ ಹತ್ತು ಹಂತಗಳಲ್ಲಿ 100ಕ್ಕೆ ಏರಿಸುತ್ತದೆ. ಇನ್ನೊಂದು ಸಾಮರ್ಥ್ಯ ಸಾವನ್ನು ಮೂರು ಸಲದವರೆಗೆ ತಪ್ಪಿಸಿ, ಪ್ರತಿ ಸಲವೂ ಅರ್ಧ ಪ್ರಾಣಬಲದೊಂದಿಗೆ ಎಬ್ಬಿಸಿ ನಿಲ್ಲಿಸುತ್ತದೆ. ಎರಡನ್ನೂ ಪೂರ್ತಿ ಪಡೆದವನಿಗೆ 100, ಮೇಲೆ ಮೂರು ಸಲ 50, ಒಟ್ಟು 250. ಮೊದಲ ದಿನದವನಿಗಿಂತ ಸರಿಯಾಗಿ ಐದು ಪಟ್ಟು.

ಈಗ ಒಬ್ಬ ಸಾಧಾರಣ ಆಟಗಾರನನ್ನು ಊಹಿಸಿಕೊಳ್ಳಿ. ಕೋಣೆಯೊಂದಕ್ಕೆ ಸರಾಸರಿ 4 ಪ್ರಾಣಬಲ ಕಳೆದುಕೊಳ್ಳುತ್ತಾನೆ ಎನ್ನೋಣ. 50 ಇದ್ದಾಗ ಹನ್ನೆರಡು ಕೋಣೆ ದಾಟಿ ಹದಿಮೂರನೆಯದರಲ್ಲಿ ಬೀಳುತ್ತಾನೆ. ಮೊದಲ ದೊಡ್ಡ ಎದುರಾಳಿ ಮೆಗೇರಾ ಕಾದಿರುವುದು ಸುಮಾರು ಹದಿನಾಲ್ಕನೆಯ ಕೋಣೆಯಲ್ಲಿ, ಅಂದರೆ ಇವನು ಅವಳ ಮುಖ ನೋಡುವುದಕ್ಕೂ ಉಳಿಯುವುದಿಲ್ಲ. 250 ಇದ್ದಾಗ ಅದೇ ಮನುಷ್ಯ, ಅದೇ ಒರಟು ಆಟ, ಅದೇ 4ರ ನಷ್ಟ. ಅರವತ್ತೆರಡು ಕೋಣೆಗಳಿಗೆ ಸಾಕಾಗುವಷ್ಟು ಬಲವಿದೆ, ದಾರಿಯೇ ಅಷ್ಟು ಉದ್ದವಿಲ್ಲ. ವಾಸ್ತವದಲ್ಲಿ ಮುಂದಿನ ಪ್ರದೇಶಗಳ ಶತ್ರುಗಳು ಬಲವಾಗಿ ಹೊಡೆಯುತ್ತಾರೆ, ದಾರಿಯಲ್ಲಿ ಚಿಕಿತ್ಸೆಯೂ ಸಿಗುತ್ತದೆ, ಲೆಕ್ಕ ಇಷ್ಟು ನೇರವಾಗಿರುವುದಿಲ್ಲ. ಆದರೂ ದಿಕ್ಕು ತಿಳಿಯಿತು. ಆಟಗಾರ ಏನನ್ನೂ ಕಲಿಯದಿದ್ದರೂ ಸೋಲು ಗೆಲುವಾಗಿ ತಿರುಗಬಲ್ಲದು. ತೇಲುವ ಕಣ್ಣಿನ ಎದುರು ಹೀಗಾಗುವುದು ಸಾಧ್ಯವೇ ಇಲ್ಲ. ಕಲಿಯದವನು ನೂರನೆಯ ಸಲವೂ ಅಲ್ಲೇ ಸಾಯುತ್ತಾನೆ.

ಆಸ್ತಿಯ ಪರಿಣಾಮ ಸುತ್ತಿನ ಕೊನೆಯಲ್ಲಷ್ಟೇ ಕಾಣುವುದಲ್ಲ, ನಡುವಿನ ನಿರ್ಧಾರಗಳನ್ನೂ ಅದು ಬದಲಿಸುತ್ತದೆ. ಹೇಡೀಸ್‌ನಲ್ಲಿ ಕೋಣೆ ಮುಗಿದಾಗ ಮುಂದಿನ ಬಾಗಿಲುಗಳ ಮೇಲೆ ಒಳಗಿನ ಬಹುಮಾನ ಏನೆಂಬ ಗುರುತಿರುತ್ತದೆ. ಒಂದರಲ್ಲಿ ಸ್ಯೂಸ್‌ನ ವರ, ಇನ್ನೊಂದರಲ್ಲಿ ನೇರಳೆ ಹರಳು ಎಂದಿಟ್ಟುಕೊಳ್ಳಿ. ವರ ಈ ಸುತ್ತಿಗೆ ಬಲ, ಹರಳು ಮುಂದಿನ ಸುತ್ತುಗಳಿಗೆ. ಪ್ರಾಣಬಲ ತಳ ಮುಟ್ಟಿರುವವನು, ಹೇಗೂ ಈ ಸಲ ಉಳಿಯುವುದಿಲ್ಲ ಎಂದು ಹರಳಿನ ಬಾಗಿಲು ಹಿಡಿಯುತ್ತಾನೆ. ಅದು ಬುದ್ಧಿವಂತ ನಿರ್ಧಾರವೇ. ಆದರೆ ಆ ಕ್ಷಣದಿಂದ ಅವನು ಗೆಲ್ಲಲು ಆಡುತ್ತಿಲ್ಲ, ದುಡಿಯಲು ಆಡುತ್ತಿದ್ದಾನೆ. ಸೋತ ಸುತ್ತಿಗೂ ಕೂಲಿ ಸಿಗುತ್ತದೆ ಎಂಬುದು ರೋಗ್‌ಲೈಟ್‌ನ ದೊಡ್ಡ ಔದಾರ್ಯ. ದಿನವಿಡೀ ದುಡಿದು ಬಂದು ಅರ್ಧ ಗಂಟೆ ಆಡುವವರಿಗೆ ಅದು ಹಿಡಿಸುವುದು ಸಹಜ. ನೆಟ್‌ಹ್ಯಾಕ್‌ನಲ್ಲಿ ಪ್ರಾಣಬಲ ತಳ ಮುಟ್ಟಿದವನಿಗೆ ಅಂಥ ಕೂಲಿಯಿಲ್ಲ. ಅವನಿಗಿರುವುದು ಒಂದೇ ಪ್ರಶ್ನೆ: ಚೀಲದಲ್ಲಿರುವ, ಇನ್ನೂ ಗುರುತು ಸಿಗದ ವಸ್ತುಗಳಲ್ಲಿ ಯಾವುದು ಈಗ ನನ್ನನ್ನು ಉಳಿಸೀತು? ನನ್ನ ಅನುಭವದಲ್ಲಿ ಆ ಆಟದ ಅತ್ಯುತ್ತಮ ಗಳಿಗೆಗಳು ಹುಟ್ಟುವುದು ಆ ಮೂಲೆಯಲ್ಲೇ.

ಇಲ್ಲಿ ಅಳತೆಯ ತೊಡಕೊಂದು ಏಳುತ್ತದೆ. ಹೇಡೀಸ್ ಆಡುವವಳೊಬ್ಬಳು ಹಲವು ಸಲ ಸೋತು ಕೊನೆಗೆ ಗೆದ್ದಳು ಎನ್ನೋಣ. ಆ ಗೆಲುವಿನಲ್ಲಿ ಅವಳ ಕೈಚಳಕದ ಪಾಲೆಷ್ಟು, ಕನ್ನಡಿಯ ಪಾಲೆಷ್ಟು? ಗೆಲುವಿನ ದಾಖಲೆ ನೋಡಿ ಇದನ್ನು ಹೇಳಲಾಗದು. ಎರಡೂ ಒಟ್ಟೊಟ್ಟಿಗೇ ಬೆಳೆದಿವೆ. ಬೇರ್ಪಡಿಸಬೇಕಾದರೆ ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ಬದಲಿಸಬೇಕು. ಅದಕ್ಕೆ ಸುಲಭದ ಪರೀಕ್ಷೆ ಅದಲುಬದಲು: ಪಳಗಿದವಳನ್ನು ಹೊಸ ಸೇವ್ ಫೈಲಿನಲ್ಲಿ ಕೂರಿಸಿ, ಹೊಸಬನನ್ನು ಅವಳ ಫೈಲಿನಲ್ಲಿ ಕೂರಿಸಿ.

ನೆಟ್‌ಹ್ಯಾಕ್‌ನಲ್ಲಿ ಈ ಅದಲುಬದಲಿನಿಂದ ಏನೂ ಆಗದು. ಬದಲಾಯಿಸಲು ಫೈಲೇ ಇಲ್ಲ. ಸಾರ್ವಜನಿಕ ಸರ್ವರ್‌ಗಳಲ್ಲಿ ನಡೆಯುವ ಆಟಗಳಲ್ಲಿ ಬಹುಪಾಲು ಸಾವಿನಲ್ಲೇ ಮುಗಿಯುತ್ತವೆ. ಅದೇ ಸರ್ವರ್‌ಗಳಲ್ಲಿ ಸಾಲಾಗಿ ಹಲವಾರು ಆಟಗಳನ್ನು ಒಂದೂ ಸೋಲದೆ ಗೆದ್ದವರೂ ಇದ್ದಾರೆ. ಪ್ರತಿ ಸಲವೂ ಅವರು ಹೊಸಬರಿಗೆ ಸಿಗುವ ಅದೇ ದುರ್ಬಲ ಪಾತ್ರದಿಂದಲೇ ಹೊರಟಿರುತ್ತಾರೆ. ಗೆಲುವಿನ ಪೂರ್ತಿ ಅಂತರ ತಲೆಯದು. ಹೇಡೀಸ್‌ನಲ್ಲಿ ಅದಲುಬದಲು ಮಾಡಿದರೆ ಹೊಸಬನಿಗೆ 250, ಪಳಗಿದವಳಿಗೆ 50. ಹಾಗೆಂದು ಅವಳು ಸೋತೇ ಸೋಲುತ್ತಾಳೆ ಎಂದಲ್ಲ. ಹೊಸ ಫೈಲಿನಿಂದ ಶುರುಮಾಡಿ ಎಷ್ಟು ಬೇಗ ಹೊರಬೀಳಬಹುದು ಎಂದು ಸ್ಪರ್ಧೆ ಮಾಡುವವರೇ ಇದ್ದಾರೆ, ಕನ್ನಡಿಯ ನೆರವಿಲ್ಲದೆ ಗೆಲ್ಲುತ್ತಾರೆ. ಹಾಗಾಗಿ ಹೇಡೀಸ್ ಕೇವಲ ಆಸ್ತಿಯ ಆಟ ಎಂದು ಮೂಗು ಮುರಿಯುವುದು ತಪ್ಪು. ವಿದ್ಯೆಯಿಂದ ಗೆಲ್ಲುವ ದಾರಿ ಅಲ್ಲೂ ತೆರೆದಿದೆ. ಜೊತೆಗೆ ಇನ್ನೊಂದು ದಾರಿಯೂ ಇದೆ ಅಷ್ಟೇ.

ಈ ಎರಡನೆಯ ದಾರಿಯನ್ನು ಇನ್ನೂ ಅಗಲ ಮಾಡುವ ಗುಂಡಿಯೊಂದು ಆಟದಲ್ಲಿದೆ. ಗಾಡ್ ಮೋಡ್ ಎಂದು ಅದರ ಹೆಸರು. ಅದನ್ನು ಒತ್ತಿದರೆ ಬೀಳುವ ಪೆಟ್ಟು ಶೇಕಡಾ 20 ಕಡಿಮೆಯಾಗುತ್ತದೆ, ಆಮೇಲೆ ಪ್ರತಿ ಸಾವಿಗೂ ಇನ್ನೆರಡು ಕಡಿಮೆಯಾಗುತ್ತ ಶೇಕಡಾ 80ಕ್ಕೆ ನಿಲ್ಲುತ್ತದೆ. ಮೂವತ್ತು ಸಾವುಗಳಾದ ಮೇಲೆ 4ರ ಪೆಟ್ಟು ಒಂದಕ್ಕಿಂತ ಕಡಿಮೆ. ಸಾವು ಇಲ್ಲಿ ಶಿಕ್ಷೆಯಲ್ಲ, ನೇರವಾಗಿ ಪಾವತಿ.

ವಿರುದ್ಧ ದಿಕ್ಕಿನ ಗುಂಡಿಯೂ ಇದೆ, ನನಗೆ ಹೆಚ್ಚು ಮೆಚ್ಚುಗೆಯಾಗುವುದು ಅದು. ಮೊದಲ ಸಲ ಗೆದ್ದ ಮೇಲೆ ಆಟ ಒಂದು ಕರಾರು ಪತ್ರವನ್ನು ಮುಂದಿಡುತ್ತದೆ, ಅದರಲ್ಲಿ ಬೇಕಾದ ಕಷ್ಟಗಳನ್ನು ನಾವೇ ಗುರುತು ಹಾಕಿಕೊಳ್ಳಬಹುದು. ಅದರ ಒಂದು ಷರತ್ತು ಕನ್ನಡಿಯ ಹನ್ನೆರಡು ಸಾಮರ್ಥ್ಯಗಳನ್ನು ಮೂರು ಮೂರಾಗಿ ಮುಚ್ಚುತ್ತದೆ. ನಾಲ್ಕೂ ಹಂತ ಹಾಕಿದರೆ ಕನ್ನಡಿ ಪೂರ್ತಿ ಕುರುಡು. ಆಯುಧಗಳಿಗೆ ಪಡೆದ ಸುಧಾರಣೆ, ಕಥೆಯ ಜನ ಪ್ರೀತಿಯಿಂದ ಕೊಟ್ಟ ಕಾಣಿಕೆ ಇವು ಉಳಿಯುತ್ತವೆ, ಆದ್ದರಿಂದ ಪರೀಕ್ಷೆ ಶುದ್ಧವಲ್ಲ. ಆದರೆ ಮೇಲಿನ ಪ್ರಶ್ನೆಗೆ ಸಾಕಷ್ಟು ಒಳ್ಳೆಯ ಉತ್ತರ ಮನೆಯಲ್ಲೇ ಸಿಗುತ್ತದೆ: ಕನ್ನಡಿ ಮುಚ್ಚಿ ಆಡಿ, ಮೊದಮೊದಲು ಎಲ್ಲಿ ಸಾಯುತ್ತಿದ್ದಿರಿ, ಈಗ ಎಲ್ಲಿಯವರೆಗೆ ಬರುತ್ತೀರಿ ಎಂದು ಹೋಲಿಸಿ. ಆ ಅಂತರವೇ ನಿಮ್ಮ ವಿದ್ಯೆ.

ಎಲ್ಲ ಆಟಗಳೂ ಈ ಗೆರೆಯ ಒಂದೊಂದು ಬದಿಗೆ ಶಿಸ್ತಾಗಿ ನಿಲ್ಲುವುದಿಲ್ಲ. ಇಸ್ಪೀಟಿನ ಹಾಗೆ ಕಾರ್ಡುಗಳ ಕಟ್ಟನ್ನು ಬೆಳೆಸುತ್ತ ಗೋಪುರ ಹತ್ತುವ ಸ್ಲೇ ದ ಸ್ಪೈರ್‌ನಲ್ಲಿ, ಸೋತ ಸುತ್ತುಗಳ ಅಂಕ ಕೂಡಿ ಹೊಸ ಕಾರ್ಡುಗಳು ಬಿಡುಗಡೆಯಾಗುತ್ತವೆ. ಯಂತ್ರ ನೆನಪಿಟ್ಟುಕೊಂಡಿತು, ಹಾಗಾದರೆ ರೋಗ್‌ಲೈಟ್ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಬಿಡುಗಡೆಯಾದ ಕಾರ್ಡು ನಿಮ್ಮ ಕೈಗೆ ಬರುವುದಿಲ್ಲ, ಮುಂದೆಂದಾದರೂ ಎದುರಾಗಬಹುದಾದ ರಾಶಿಗೆ ಸೇರುತ್ತದೆ. ಆಯ್ಕೆ ಅಗಲವಾಗುತ್ತದೆ, ಆರಂಭದ ಬಲ ಹೆಚ್ಚುವುದಿಲ್ಲ. ಬಿಡುಗಡೆಗಳು ಕೆಲವೇ, ಬೇಗ ಮುಗಿಯುತ್ತವೆ. ಅದರ ನಂತರ ಗೆದ್ದವರಿಗೆ ಅಲ್ಲಿ ಸಿಗುವುದು ಇಪ್ಪತ್ತು ಮೆಟ್ಟಿಲುಗಳ ಹೆಚ್ಚುವರಿ ಕಷ್ಟ. ಅಂದರೆ ಆ ಯಂತ್ರದ ನೆನಪು ಆಟಗಾರನ ವಿರುದ್ಧವೇ ಕೆಲಸ ಮಾಡುತ್ತದೆ. ಅದಲುಬದಲಿನ ಪರೀಕ್ಷೆಗೆ ಇದನ್ನು ಒಡ್ಡಿದರೆ ನೆಟ್‌ಹ್ಯಾಕ್‌ಗೆ ಹತ್ತಿರ, ಹೇಡೀಸ್‌ಗೆ ದೂರ.

ಎರಡೂ ಬಗೆಗಳಿಗೆ ತಮ್ಮವೇ ಆದ ರೋಗಗಳಿವೆ. ರೋಗ್‌ಲೈಕ್‌ನಲ್ಲಿ ಸಾವಿನ ಬೆಲೆ ಸಮಯ. ಹತ್ತು ಗಂಟೆಗಳ ಆಟ ಒಂದು ಅಜಾಗರೂಕ ಹೆಜ್ಜೆಗೆ ಹೋದರೆ, ಕಲಿತ ಪಾಠ ಅಷ್ಟು ದುಬಾರಿಯಾಗಿರಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಜನ ಸೇವ್ ಫೈಲನ್ನು ಗುಟ್ಟಾಗಿ ನಕಲು ಮಾಡಿಟ್ಟುಕೊಳ್ಳುತ್ತಾರೆ, ಇಲ್ಲವೇ ಬಲ್ಲವರು ಬರೆದಿಟ್ಟ ಗುಟ್ಟುಗಳನ್ನು ಮೊದಲೇ ಓದಿಕೊಳ್ಳುತ್ತಾರೆ. ರೋಗ್‌ಲೈಟ್‌ನ ರೋಗ ಬೇರೆ. ಆಸ್ತಿ ಎಷ್ಟಿರುತ್ತದೆಂದು ಲೆಕ್ಕ ಹಾಕಿ ಶತ್ರುಗಳ ಬಲ ನಿಗದಿಪಡಿಸಬೇಕಾದ್ದರಿಂದ, ಮೊದಲ ಸುತ್ತುಗಳು ಬಹುತೇಕರು ಸೋಲಲೆಂದೇ ರೂಪಿಸಿದಂತಾಗುತ್ತವೆ. ಅಲ್ಲಿ ಸತ್ತಾಗ ತಪ್ಪು ನನ್ನದೋ, ಹರಳು ಸಾಲದ್ದೋ ತಿಳಿಯುವುದಿಲ್ಲ. ತಪ್ಪು ಯಾವುದೆಂದು ತಿಳಿಯದ ಸಾವಿನಿಂದ ಕಲಿಯಲು ಏನೂ ಇಲ್ಲ. ಹೇಡೀಸ್ ಇದನ್ನು ಮರೆಸುವುದು ಪ್ರತಿ ಸಾವಿನ ನಂತರವೂ ಮನೆಯವರ ಬಾಯಲ್ಲಿ ಹೊಸ ಮಾತು ಇಟ್ಟು, ಕಥೆಯನ್ನು ಒಂದು ಹೆಜ್ಜೆ ಮುಂದೆ ಒಯ್ದು. ಅಂಥ ಬರವಣಿಗೆಯ ಬಲವಿಲ್ಲದ ಎಷ್ಟೋ ಅನುಕರಣೆಗಳಲ್ಲಿ ಉಳಿಯುವುದು ಬರೀ ಕೂಲಿ ಲೆಕ್ಕ.

ಆದ್ದರಿಂದ ಅಂಗಡಿಯ ಪುಟದಲ್ಲಿ ಶಾಶ್ವತ ಮರಣ ಎಂಬ ಮಾತು ಕಂಡರೆ ಅಷ್ಟಕ್ಕೇ ನಿರ್ಧಾರ ಮಾಡಬೇಡಿ. ಮೊದಲ ಸುತ್ತಿನಲ್ಲಿ ಸತ್ತ ಮೇಲೆ ಬರುವ ಪರದೆಯನ್ನು ನೋಡಿ. ಅಲ್ಲಿ ಖರ್ಚು ಮಾಡಲು ಏನಾದರೂ ಇದ್ದು, ಅದರಿಂದ ಮುಂದಿನ ಪಾತ್ರದ ಆರಂಭದ ಬಲ ಹೆಚ್ಚುತ್ತದೆ ಎಂದಾದರೆ ಅದು ರೋಗ್‌ಲೈಟ್. ನೀವು ಸತ್ತದ್ದು ಹೇಗೆ, ಎಷ್ಟನೆಯ ಮಹಡಿಯಲ್ಲಿ ಎಂಬ ಒಂದು ಸಾಲಿನ ವರದಿ ಮಾತ್ರ ಇದ್ದರೆ ಅದು ರೋಗ್‌ಲೈಕ್.